‘ಬಿಇ ಆದವರಿಗೆ ಆದ್ಯತೆ’ ಎಂದಾಗ ಡಿಪ್ಲೊಮಾದವರ ರೆಸ್ಯೂಮೆ

ಪೀಣ್ಯದ ಒಂದು ಮಷಿನ್ ಶಾಪ್‌ಗೆ ಮೆಂಟೆನೆನ್ಸ್ ಎಂಜಿನಿಯರ್ ಬೇಕಾಗಿದ್ದಾರೆ ಎನ್ನೋಣ. ‘ಡಿಪ್ಲೊಮಾ ಅಥವಾ ಬಿಇ ಮೆಕ್ಯಾನಿಕಲ್, ಕನಿಷ್ಠ 2 ವರ್ಷ ಅನುಭವ, ಬಿಇ ಆದವರಿಗೆ ಆದ್ಯತೆ’ ಎಂದು ಜಾಹೀರಾತು. ಬಂದ ರೆಸ್ಯೂಮೆಗಳಲ್ಲಿ ಕೊನೆಗೆ ಎರಡು ಉಳಿದಿವೆ: ಒಂದು ಡಿಪ್ಲೊಮಾದವರದು, ಇನ್ನೊಂದು ಬಿಇಯವರದು. ಇಬ್ಬರಿಗೂ 24 ವರ್ಷ. ಎಷ್ಟೋ ಕಡೆ ತೀರ್ಮಾನ ಇಲ್ಲಿಗೇ ಮುಗಿಯುತ್ತದೆ. ಬಿಇ ಎಂದು ಕಂಡದ್ದು ಸಂದರ್ಶನಕ್ಕೆ, ಉಳಿದದ್ದು ಫೈಲಿಗೆ.

ಆದ್ಯತೆ ಎಂದರೆ ಅರ್ಹತೆಯ ಗೆರೆಯಲ್ಲ. ಆಂಧ್ರಪ್ರದೇಶ ಲೋಕಸೇವಾ ಆಯೋಗದ ನೇಮಕಾತಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಇದನ್ನು ಬಿಡಿಸಿ ಹೇಳಿದೆ: ಉಳಿದೆಲ್ಲ ವಿಷಯದಲ್ಲಿ ಇಬ್ಬರೂ ಸಮ ಎನಿಸಿದಾಗ ಮಾತ್ರ ಆದ್ಯತೆಯ ಅಂಶ ತಕ್ಕಡಿಗೆ ಬರುತ್ತದೆ. ಅದು ಸರ್ಕಾರಿ ನೇಮಕಾತಿಯ ತೀರ್ಪು, ಖಾಸಗಿ ಕಾರ್ಖಾನೆಯನ್ನು ಕಟ್ಟಿಹಾಕುವುದಿಲ್ಲ. ಆದರೂ ರೆಸ್ಯೂಮೆ ಓದುವ ಕ್ರಮವನ್ನು ಅದರಿಂದ ಕಲಿಯಬಹುದು. ಮೊದಲು ಕೆಲಸದ ವಿವರಕ್ಕೆ ಇಬ್ಬರನ್ನೂ ಹೋಲಿಸಬೇಕು, ಪದವಿಯನ್ನು ಕೊನೆಗೆ ನೋಡಬೇಕು.

ಇಬ್ಬರ ವಯಸ್ಸು ಒಂದೇ ಆದರೂ ಅನುಭವದ ಲೆಕ್ಕ ಬೇರೆ. ಎಸ್ಎಸ್ಎಲ್‌ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದವರು 19ಕ್ಕೆ ಕೆಲಸಕ್ಕೆ ಇಳಿದಿರುತ್ತಾರೆ. ಪಿಯುಸಿ, ಬಿಇ ಮಾಡಿದವರು ಹೊರಬರುವಾಗ 22. ಹಾಗಾಗಿ ನಮ್ಮ ಇಬ್ಬರಲ್ಲಿ ಡಿಪ್ಲೊಮಾದವರಿಗೆ 5 ವರ್ಷ, ಬಿಇಯವರಿಗೆ 2 ವರ್ಷ ಅನುಭವ. ಆದರೆ ವರ್ಷ ಹೆಚ್ಚಿದ ಮಾತ್ರಕ್ಕೆ ಕೆಲಸ ಹೆಚ್ಚು ಬರುತ್ತದೆ ಎನ್ನುವಂತಿಲ್ಲ. ಒಂದೇ ಬಗೆಯ ಗ್ರೀಸಿಂಗ್, ಫಿಲ್ಟರ್ ಬದಲಾವಣೆಯಲ್ಲೇ 5 ವರ್ಷ ಕಳೆದಿರಲೂಬಹುದು.

ಈ ಹುದ್ದೆಯ ಕೆಲಸವೇನು? ಕೆಟ್ಟು ನಿಂತ ಸಿಎನ್‌ಸಿ ಲೇತ್‌ಗಳನ್ನು ಬೇಗ ಓಡಿಸುವುದು, ಪ್ರಿವೆಂಟಿವ್ ಮೆಂಟೆನೆನ್ಸ್ ನಡೆಸುವುದು, ಪದೇಪದೇ ಬರುವ ಬ್ರೇಕ್‌ಡೌನಿನ ಮೂಲ ಹುಡುಕಿ ವರದಿ ಬರೆಯುವುದು. ಡಿಪ್ಲೊಮಾದವರ ರೆಸ್ಯೂಮೆಯ ಮೊದಲ ಸಾಲು ‘ಸಿಎನ್‌ಸಿ ಮೆಂಟೆನೆನ್ಸ್‌ನಲ್ಲಿ 5 ವರ್ಷದ ಅನುಭವ’. ಇದರಿಂದ ಏನೂ ತಿಳಿಯುವುದಿಲ್ಲ. ಎರಡನೇ ಪುಟದ ಕೆಳಗೆ ಹೀಗಿದೆ: ‘ಎಕ್ಸ್ ಅಕ್ಷದ ಬಾಲ್ ಸ್ಕ್ರೂ ಬದಲಿಸಿ, ಬ್ಯಾಕ್‌ಲ್ಯಾಶನ್ನು ಡಯಲ್ ಗೇಜಿನಿಂದ ಅಳೆದು, ಕಂಟ್ರೋಲ್‌ನಲ್ಲಿ ಸರಿಹೊಂದಿಸಿದೆ.’ ಯಾವ ಭಾಗ, ಯಾವುದರಿಂದ ಅಳೆದದ್ದು, ಕೊನೆಗೆ ಏನು ಮಾಡಿದ್ದು ಎಲ್ಲವೂ ಆ ಒಂದೇ ಸಾಲಿನಲ್ಲಿದೆ. ಇದು ಮೊದಲ ಪುಟದಲ್ಲಿ ಇರಬೇಕಿತ್ತು.

ಬಿಇಯವರ ರೆಸ್ಯೂಮೆಯಲ್ಲಿ ಸಿಜಿಪಿಎ, ಕೊನೆಯ ವರ್ಷದ ಪ್ರಾಜೆಕ್ಟ್, ಕಲಿತ ಸಾಫ್ಟ್‌ವೇರ್‌ಗಳು ಎದ್ದು ಕಾಣುತ್ತವೆ. ಈ ಕೆಲಸಕ್ಕೆ ಅವುಗಳಿಗಿಂತ ಬೆಲೆಬಾಳುವುದು ಇನ್ನೊಂದು ಸಾಲು: ಆರು ತಿಂಗಳ ಬ್ರೇಕ್‌ಡೌನ್ ದಾಖಲೆ ವಿಂಗಡಿಸಿದಾಗ, ಟರೆಟ್ಟಿನ ಸೆನ್ಸರ್‌ಗೆ ಕೂಲೆಂಟ್ ನುಗ್ಗುವುದೇ ಹೆಚ್ಚಿನ ನಿಲುಗಡೆಗೆ ಕಾರಣವೆಂದು ತಿಳಿಯಿತು, ಅದಕ್ಕೆ ಮುಚ್ಚಳ ಕೂರಿಸಿದೆವು. ಮೂಲ ಹುಡುಕುವ ಕೆಲಸದಲ್ಲಿ ಇವರು ಮುಂದಿದ್ದಾರೆ ಎಂದು ನಾನು ಧಾರಾಳವಾಗಿ ಒಪ್ಪುತ್ತೇನೆ.

ಹಾಗಾಗಿ ಇಬ್ಬರನ್ನೂ ಕರೆಯಬೇಕು, ಇಬ್ಬರಿಗೂ ಒಂದೇ ಪ್ರಶ್ನೆ ಹಾಕಬೇಕು. ಫ್ಯಾನುಕ್ ಕಂಟ್ರೋಲಿನ ಮಷಿನ್‌ನಲ್ಲಿ ಎನ್‌ಕೋಡರ್ ಬ್ಯಾಟರಿ ಕಡಿಮೆಯಾಗಿದೆ ಎಂಬ ಅಲಾರಂ ಬಂದಿದೆ, ಹೇಗೆ ಬದಲಿಸುತ್ತೀರಿ? ರಿಪೇರಿ ಎಂದರೆ ಮೊದಲು ಪವರ್ ಆಫ್ ಎಂದು ಕಲಿತವರು ಇಲ್ಲಿ ಎಡವುತ್ತಾರೆ. ಕಂಟ್ರೋಲ್ ಆನ್ ಇರುವಾಗಲೇ, ಕ್ಯಾಬಿನೆಟ್‌ನ ಹೈವೋಲ್ಟೇಜ್ ಭಾಗ ಮುಟ್ಟದ ಹಾಗೆ ಬದಲಿಸಬೇಕು. ಮಷಿನ್ ಆಫ್ ಇದ್ದಾಗ ಅಕ್ಷ ಎಲ್ಲಿದೆ ಎಂಬುದನ್ನು ಉಳಿಸಿಕೊಳ್ಳುವುದು ಆ ಬ್ಯಾಟರಿಯೇ. ಆಫ್ ಮಾಡಿ ತೆಗೆದರೆ ಆ ಮಾಹಿತಿ ಅಳಿಸುತ್ತದೆ, ರೆಫರೆನ್ಸ್ ಮತ್ತೆ ಹೊಂದಿಸುವವರೆಗೆ ಉತ್ಪಾದನೆ ನಿಲ್ಲುತ್ತದೆ. ಸ್ವತಃ ಮಾಡಿದವರು ಇದನ್ನು ತಡವರಿಸದೆ ಹೇಳುತ್ತಾರೆ. ಸರ್ವಿಸ್ ಕಂಪನಿಯವರು ಮಾಡುವಾಗ ಪಕ್ಕದಲ್ಲಿ ನಿಂತವರು ಹಂತ ಹೇಳಬಹುದು, ಕಾರಣ ಕೇಳಿದರೆ ನಿಲ್ಲುತ್ತಾರೆ.

ಇಬ್ಬರೂ ಸಮವಾಗಿ ಉತ್ತರಿಸಿದರೆ ಬಿಇಯವರನ್ನು ಆರಿಸುವುದು ನ್ಯಾಯ. ಜಾಹೀರಾತು ಹೇಳಿದ್ದೂ ಅದನ್ನೇ. ಡಿಪ್ಲೊಮಾದವರು ಸ್ಪಷ್ಟವಾಗಿ ಮುಂದಿದ್ದರೆ ಹುದ್ದೆ ಅವರದು. ವಿನ್ಯಾಸದ ಲೆಕ್ಕಾಚಾರವೇ ಮುಖ್ಯವಾದ ಕೆಲಸವಾಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಕಂಪನಿಯ ನಿಯಮದಲ್ಲೇ ಬಿಇ ಕಡ್ಡಾಯವಾಗಿದ್ದರೆ ಆದ್ಯತೆ ಎಂದು ಬರೆಯದೆ ಕಡ್ಡಾಯ ಎಂದೇ ಬರೆಯಬೇಕು, ಊರಿನಿಂದ ಬಸ್ ಹತ್ತಿ ಬರುವವರ ಒಂದು ದಿನದ ಕೂಲಿಯಾದರೂ ಉಳಿಯುತ್ತದೆ.

ಆಯ್ಕೆಯಾದ ಡಿಪ್ಲೊಮಾದವರು ಆಫರ್ ಲೆಟರ್ ಬಂದಾಗ ಹುದ್ದೆಯ ಹೆಸರು ಮತ್ತು ಗ್ರೇಡ್ ನೋಡಬೇಕು. ಜಾಹೀರಾತು ಎಂಜಿನಿಯರ್ ಹುದ್ದೆಗೆ ಇದ್ದು, ಪತ್ರದಲ್ಲಿ ಟೆಕ್ನಿಷಿಯನ್ ಎಂದು ಇಳಿಸಿದ್ದರೆ, ಸಹಿ ಹಾಕುವ ಮೊದಲೇ ಕೇಳಿ ಸರಿಪಡಿಸಿಕೊಳ್ಳಬೇಕು.