ಇಪ್ಪತ್ತೈದು ಸಾವಿರದ ಪತ್ರ, ಹದಿನೆಂಟು ಸಾವಿರದ ಸಂಬಳ

ಆಫರ್ ಲೆಟರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಿಟಿಸಿ ಎಂಬ ಮೂರಕ್ಷರ, ಅದರ ಮುಂದೆ ಒಂದು ದೊಡ್ಡ ಮೊತ್ತ. ‘ಕಾಸ್ಟ್ ಟು ಕಂಪನಿ’ ಎಂಬುದರ ಹ್ರಸ್ವರೂಪ ಇದು. ಮನೆಯವರಿಗೆ ಓದಿ ಹೇಳುವಾಗ ಬಹಳ ಮಂದಿ ಇದನ್ನು ‘ವರ್ಷದ ಸಂಬಳ’ ಎಂದುಬಿಡುತ್ತಾರೆ. ತಪ್ಪು ಶುರುವಾಗುವುದು ಅಲ್ಲಿಯೇ. ನೌಕರನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ಖರ್ಚು ಅದು. ಸಂಬಳ ಆ ಖರ್ಚಿನ ಒಂದು ಪಾಲು ಮಾತ್ರ. ಸಿಟಿಸಿಗೆ ‘ಕಂಪನಿಯ ವೆಚ್ಚ’, ಗ್ರಾಸ್‌ಗೆ ‘ಒಟ್ಟು ವೇತನ’, ನೆಟ್‌ಗೆ ‘ಕೈಗೆ ಬರುವ ಸಂಬಳ’ ಎಂದು ಮೂರು ಬೇರೆ ಹೆಸರುಗಳನ್ನು ಇಟ್ಟುಕೊಂಡು ಕೊನೆಯವರೆಗೂ ಬದಲಿಸದೆ ಬಳಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಮೂರಕ್ಕೂ ‘ಒಟ್ಟು’ ಎಂಬ ಒಂದೇ ಪದ ಬಳಸಿದ ಅನುವಾದ ಓದುವವನನ್ನು ಇಂಗ್ಲಿಷಿಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡಬಹುದು. ಐಟಿಐ ಮುಗಿಸಿ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಮೊದಲ ಸಲ ಸೇರುವ ಹುಡುಗನಿಗೆ ಬಂದ ಪತ್ರದಲ್ಲಿ ಸಿಟಿಸಿ 3,00,000 ರೂಪಾಯಿ ಎಂದಿದೆ ಎನ್ನೋಣ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 25,000. ಊರಿನಲ್ಲಿ ಎಲ್ಲರಿಗೂ ತಿಳಿಯುವುದು ಈ ಅಂಕಿಯೇ. ಪತ್ರದ ಹಿಂದೆ ಲಗತ್ತಿಸಿದ ಹಾಳೆಯಲ್ಲಿ ಆ 25,000 ಹೀಗೆ ಒಡೆದಿದೆ: ಬೇಸಿಕ್ 15,000, ಎಚ್‌ಆರ್‌ಎ 4,000, ಸ್ಪೆಷಲ್ ಅಲೊವೆನ್ಸ್ 1,559. ಇವು ಮೂರೂ ಸೇರಿ ಗ್ರಾಸ್ 20,559. ಅದರ ಕೆಳಗೆ ಕಂಪನಿಯ ಪಿಎಫ್ ಪಾಲು 1,800, ಇಎಸ್‌ಐ ಪಾಲು 669, ಗ್ರಾಚ್ಯುಟಿ 722, ಬೋನಸ್ 1,250.

ಬೇಸಿಕ್ ಎಂದರೆ ಮೂಲ ವೇತನ. ಉಳಿದ ಲೆಕ್ಕಗಳಲ್ಲಿ ಹೆಚ್ಚಿನವು ಇದರ ಮೇಲೇ ನಿಲ್ಲುವುದರಿಂದ ಹಾಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ. ಎಚ್‌ಆರ್‌ಎ ಮನೆ ಬಾಡಿಗೆ ಭತ್ಯೆ. ಹೆಸರು ಕೇಳಿ ಬಾಡಿಗೆ ರಸೀದಿ ಕೊಟ್ಟರಷ್ಟೇ ಈ ಹಣ ಸಿಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನಿಲ್ಲ. ಸ್ವಂತ ಮನೆಯಲ್ಲಿದ್ದರೂ, ನಾಲ್ವರು ಸೇರಿ ಒಂದು ರೂಮು ಹಿಡಿದಿದ್ದರೂ ಪತ್ರದಲ್ಲಿ ಬರೆದ 4,000 ತಿಂಗಳಿಗೆ ಬರಬೇಕು. ರಸೀದಿಯ ಮಾತು ಬರುವುದು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆಯ ವಿನಾಯಿತಿ ಕೇಳುವಾಗ. ಈ ಸಂಬಳಕ್ಕೆ ಆದಾಯ ತೆರಿಗೆಯೇ ಬೀಳುವುದಿಲ್ಲ.

ವಿಶೇಷ ಭತ್ಯೆಯಲ್ಲಿ ಹೆಸರಿಗೆ ತಕ್ಕ ವಿಶೇಷವೇನೂ ಇಲ್ಲ. 1,559 ಎಂಬ ಬೆಸ ಅಂಕಿಯೇ ಅದರ ಗುಟ್ಟು ಹೇಳುತ್ತದೆ: ಮಿಕ್ಕ ಸಾಲುಗಳನ್ನೆಲ್ಲ ಬರೆದಾದ ಮೇಲೆ ಮೊತ್ತ ಸರಿಯಾಗಿ 25,000ಕ್ಕೆ ಬರಲೆಂದು ತುಂಬಿದ ಉಳಿಕೆ ಅದು. ‘ವಿಶೇಷ ಭತ್ಯೆ’ ಎಂದಷ್ಟೇ ಅನುವಾದಿಸಿದರೆ ಯಾವುದೋ ಸಾಧನೆಗೆ ಕೊಟ್ಟ ಬಹುಮಾನದಂತೆ ಕೇಳಿಸುತ್ತದೆ. ‘ವಿಶೇಷ ಭತ್ಯೆ, ಅಂದರೆ ಲೆಕ್ಕ ಸರಿದೂಗಿಸುವ ಮೊತ್ತ’ ಎಂದು ಒಂದು ಮಾತು ಸೇರಿಸುವುದು ಒಳ್ಳೆಯದು.

ಆದರೆ ಈ ಉಳಿಕೆ ದೊಡ್ಡದಾಗಿದ್ದರೆ ಎಚ್ಚರ ಬೇಕು. ಇದೇ ಗ್ರಾಸ್ ಒಳಗೆ ಮೂಲ ವೇತನವನ್ನು 8,000ಕ್ಕೆ ಇಳಿಸಿ ವಿಶೇಷ ಭತ್ಯೆಯನ್ನು 8,559ಕ್ಕೆ ಏರಿಸಿದರೆ, ಮೂಲ ವೇತನದ ಮೇಲಷ್ಟೇ ಲೆಕ್ಕ ಹಾಕುವ ಕಂಪನಿಯಲ್ಲಿ ಪಿಎಫ್ 1,800ರಿಂದ 960ಕ್ಕೆ ಕುಸಿಯುತ್ತದೆ. ಕೈಗೆ ಬರುವ ಸಂಬಳ ಹೆಚ್ಚಾದಂತೆ ಕಾಣುತ್ತದೆ, ಕಳೆದುಹೋದದ್ದು ಕಾಣುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದಕ್ಕೆ ಕಡಿವಾಣ ಹಾಕಿವೆ: ಭತ್ಯೆಗಳಂಥ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನವೆಂದೇ ಎಣಿಸಬೇಕು.

ಇನ್ನು ಕಂಪನಿಯ ಪಾಲಿನ ನಾಲ್ಕು ಸಾಲುಗಳು. ಕಾಗದದ ಮೇಲೆ ಇವು ಒಂದೇ ಬಗೆಯವಾಗಿ ಕಂಡರೂ ಹಣ ಸೇರುವ ಜಾಗ, ಕೈಗೆ ಸಿಗುವ ಹೊತ್ತು ಬೇರೆ ಬೇರೆ. ಆದ್ದರಿಂದ ಪ್ರತಿ ಸಾಲಿನ ಮುಂದೆ ‘ಕೊಡುವವರು ಯಾರು, ಎಲ್ಲಿಗೆ ಹೋಗುತ್ತದೆ, ಯಾವಾಗ ಸಿಗುತ್ತದೆ’ ಎಂದು ಬರೆದುಕೊಳ್ಳುವುದು ಪದಕ್ಕೆ ಪದ ಹುಡುಕುವುದಕ್ಕಿಂತ ಉಪಯುಕ್ತ.

ಪಿಎಫ್ ಅಂದರೆ ಭವಿಷ್ಯ ನಿಧಿ. ‘ಕಾಂಟ್ರಿಬ್ಯೂಷನ್’ ಎಂಬುದಕ್ಕೆ ‘ವಂತಿಗೆ’ ಎಂಬ ಹಳೆಯ, ಸರಿಯಾದ ಪದ ಕನ್ನಡದಲ್ಲಿದೆ, ಅದನ್ನೇ ಬಳಸಬಹುದು. ಮೂಲ ವೇತನ ಮತ್ತು ತುಟ್ಟಿ ಭತ್ಯೆಯ ಮೇಲೆ ನೌಕರ ಶೇ. 12, ಕಂಪನಿ ಶೇ. 12 ವಂತಿಗೆ ಹಾಕುತ್ತಾರೆ. ಇಲ್ಲಿ ಇಬ್ಬರದೂ 1,800. ನೌಕರನ 1,800 ಪೂರ್ತಿಯಾಗಿ ಅವನ ಪಿಎಫ್ ಖಾತೆಗೆ ಸೇರುತ್ತದೆ. ಕಂಪನಿಯ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, 550 ಮಾತ್ರ ಪಿಎಫ್ ಖಾತೆಗೆ ಬರುತ್ತದೆ. ಪಾಸ್‌ಬುಕ್ ತೆರೆದು ನೋಡಿದವರು ‘ಕಂಪನಿ ನನ್ನ ಹಣ ನುಂಗಿದೆ’ ಎಂದು ಗಾಬರಿಯಾಗುವುದು ಈ 550 ಕಂಡಾಗ. ನುಂಗಿಲ್ಲ; ಪಿಂಚಣಿಯ ಕಾಲಂ ಪಕ್ಕದಲ್ಲೇ ಇರುತ್ತದೆ.

ಇಎಸ್‌ಐ ಎಂಬುದು ನೌಕರರ ರಾಜ್ಯ ವಿಮೆ. ತಿಂಗಳ ವೇತನ 21,000 ಮೀರದವರಿಗೆ ಇದು ಅನ್ವಯ. ಕಂಪನಿ ಶೇ. 3.25, ನೌಕರ ಶೇ. 0.75 ಕೊಡುತ್ತಾರೆ. ಈ ಹಣ ಮರಳಿ ಬರುವುದಿಲ್ಲ, ಚಿಕಿತ್ಸೆಯ ರೂಪದಲ್ಲಿ ಸಿಗುತ್ತದೆ. ಕೆಲಸಕ್ಕೆ ಸೇರಿದ ದಿನದಿಂದಲೇ ಅವನಿಗೂ ಅವನನ್ನು ಅವಲಂಬಿಸಿದ ಮನೆಯವರಿಗೂ ಇಎಸ್‌ಐ ಚಿಕಿತ್ಸಾಲಯ, ಆಸ್ಪತ್ರೆಗಳಲ್ಲಿ ವೈದ್ಯಕೀಯ ನೆರವಿನ ಹಕ್ಕಿದೆ. ಊರಿನಲ್ಲಿರುವ ತಂದೆತಾಯಿಯ ಹೆಸರನ್ನು ಸೇರಿಸಬಹುದು ಎಂಬುದು ಗೊತ್ತಿಲ್ಲದೆ ಎಷ್ಟೋ ಹುಡುಗರು ನೋಂದಣಿಯಲ್ಲಿ ತಮ್ಮ ಹೆಸರೊಂದನ್ನೇ ಕೊಟ್ಟು ಬರುತ್ತಾರೆ. ಇದು ಬೇಸರದ ಸಂಗತಿ. ಮುಂದೆ ಸಂಬಳ 21,000 ದಾಟಿದರೂ ಕಟಾವಣೆ ಆ ತಿಂಗಳೇ ನಿಲ್ಲುವುದಿಲ್ಲ; ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಆರು ತಿಂಗಳ ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ಸೌಲಭ್ಯವೂ ಜೊತೆಗೇ ಇರುತ್ತದೆ.

ಗ್ರಾಚ್ಯುಟಿಗೆ ಸರ್ಕಾರಿ ಕನ್ನಡದಲ್ಲಿ ‘ಉಪದಾನ’ ಎನ್ನುತ್ತಾರೆ. ಆಡುಮಾತಿನಲ್ಲಿ ಹೇಳುವುದಾದರೆ, ದೀರ್ಘಕಾಲ ದುಡಿದು ಬಿಟ್ಟುಹೋಗುವಾಗ ಕೊಡುವ ಇಡುಗಂಟು. ಪ್ರತಿ ವರ್ಷದ ಸೇವೆಗೆ ಕೊನೆಯ ವೇತನದ 15 ದಿನಗಳ ಮೊತ್ತ. ತಿಂಗಳಿಗೆ 26 ದಿನ ಎಂದು ಹಿಡಿಯಲಾಗುತ್ತದೆ. 15,000ಕ್ಕೆ ವರ್ಷಕ್ಕೆ ಸುಮಾರು 8,654 ಬರುತ್ತದೆ, ತಿಂಗಳಿಗೆ ಸುಮಾರು 722 ಎಂಬುದು ಹುಟ್ಟಿದ್ದು ಹೀಗೆ. ಆದರೆ ಖಾಯಂ ನೌಕರ ಸಾಮಾನ್ಯವಾಗಿ ಐದು ವರ್ಷ ತುಂಬಿಸಿದರೆ ಮಾತ್ರ ಇದು ಸಿಗುತ್ತದೆ. ಎರಡು ವರ್ಷಕ್ಕೆ ಕೆಲಸ ಬಿಟ್ಟರೆ ಈ ಸಾಲು ಪತ್ರದಲ್ಲಿಯೇ ಉಳಿಯುತ್ತದೆ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗೆ ಹೊಸ ಸಂಹಿತೆ ಒಂದು ವರ್ಷದ ಸೇವೆಗೇ ಈ ಹಕ್ಕು ಕೊಟ್ಟಿದೆ. ಹಾಗಾಗಿ ‘ಫಿಕ್ಸೆಡ್ ಟರ್ಮ್’ ಎಂಬ ಎರಡು ಪದ ಪತ್ರದಲ್ಲಿವೆಯೇ ಎಂದು ನೋಡಬೇಕು.

ಬೋನಸ್ ವರ್ಷಕ್ಕೊಮ್ಮೆ ಬರುವಂಥದ್ದು. ಇಲ್ಲಿನ 1,250, ಮೂಲ ವೇತನದ ಶೇ. 8.33. ಕಾನೂನು ಹೇಳುವ ಕನಿಷ್ಠ ಬೋನಸ್ ದರವೂ ಅಷ್ಟೇ. ಇದರ ಜಾಗದಲ್ಲಿ ‘ವೇರಿಯಬಲ್ ಪೇ’ ಅಥವಾ ‘ಪರ್ಫಾರ್ಮೆನ್ಸ್ ಇನ್ಸೆಂಟಿವ್’ ಎಂದಿದ್ದರೆ ಮಾತು ಬೇರೆ. ಅದು ಕೆಲಸ ಮತ್ತು ಕಂಪನಿಯ ಲಾಭ ನೋಡಿ ಕೊಡುವ ಹಣ. ಪೂರ್ತಿ ಬರಬಹುದು, ಏನೂ ಬಾರದೆಯೂ ಇರಬಹುದು.

ಇಷ್ಟಾದ ಮೇಲೆ ಗ್ರಾಸ್‌ನಿಂದ ಕಟಾವಣೆ. ‘ಡಿಡಕ್ಷನ್’ ಎಂಬುದನ್ನು ‘ಕಡಿತ’ ಎಂದಾಗ ದಂಡ ಹಾಕಿದಂತೆ ಕೆಲವರಿಗೆ ಕೇಳಿಸುತ್ತದೆ, ‘ಕಟಾವಣೆ’ ಎಂದರೆ ಆ ಭಯ ಕಡಿಮೆ. ನೌಕರನ ಪಿಎಫ್ 1,800, ಇಎಸ್‌ಐ 155. ಒಟ್ಟು 1,955 ಕಳೆದು ಬ್ಯಾಂಕಿಗೆ ಬೀಳುವುದು 18,604. ವೃತ್ತಿ ತೆರಿಗೆ ಇಲ್ಲ, ಏಕೆಂದರೆ ಕರ್ನಾಟಕದಲ್ಲಿ ಅದು ತಿಂಗಳ ವೇತನ 25,000 ಮುಟ್ಟಿದವರಿಗೆ ಮಾತ್ರ: ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಸಿಟಿಸಿ 25,000 ಎಂಬುದನ್ನು ಹಿಡಿದು ಯಾರಾದರೂ 200 ಕತ್ತರಿಸಿದರೆ ಅದು ತಪ್ಪು, ನೋಡಬೇಕಾದದ್ದು 20,559ನ್ನು.

25,000 ಮತ್ತು 18,604ರ ನಡುವಿನ 6,396 ರೂಪಾಯಿ ಹೀಗೆ ಹಂಚಿಹೋಗಿದೆ. ಕಂಪನಿಯ ಪಾಲು 4,441, ನೌಕರನ ಕಟಾವಣೆ 1,955. ಇದರಲ್ಲಿ ತಿಂಗಳಿಗೆ 2,350 ಅವನದೇ ಪಿಎಫ್ ಖಾತೆಯಲ್ಲಿ ಬೆಳೆಯುತ್ತಿರುತ್ತದೆ.

ಮೊದಲ ತಿಂಗಳ ಸಂಬಳ ಚೀಟಿ ಬಂದಾಗ ಅದನ್ನು ಈ ಹಾಳೆಯ ಪಕ್ಕದಲ್ಲಿಟ್ಟು ನೋಡಬೇಕು. ಗ್ರಾಸ್ 20,559 ಎಂದು ತೋರಿಸಿ ಪಿಎಫ್‌ಗೆ 3,600 ಕತ್ತರಿಸಿದ್ದರೆ, ಕಂಪನಿ ತನ್ನ ಪಾಲನ್ನೂ ಅವನಿಂದಲೇ ವಸೂಲು ಮಾಡಿದೆ ಎಂದರ್ಥ. ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಕತ್ತರಿಸಿದ ಹಣ ಮುಂದಿನ ತಿಂಗಳ 15ರೊಳಗೆ ಪಿಎಫ್ ಕಚೇರಿಗೆ ಸಂದಾಯವಾಗಬೇಕು. ಯುಎಎನ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ಇದ್ದರೆ ಅದನ್ನು ಉಮಂಗ್ ಆ್ಯಪ್‌ನಲ್ಲಿ ನೌಕರನೇ ನೋಡಿಕೊಳ್ಳಬಹುದು. ಕೆಲಸ ಬದಲಿಸಿದರೂ ಸಂಖ್ಯೆ ಬದಲಾಗದು. ‘ಪ್ರೊಬೇಷನ್ ಮುಗಿದ ಮೇಲೆ ಪಿಎಫ್’ ಎನ್ನುವ ಮಾತು ಕೇಳಿಬಂದರೆ ನಂಬಬೇಕಾಗಿಲ್ಲ, ಪಿಎಫ್ ಸೇರಿದ ದಿನದಿಂದಲೇ ಲೆಕ್ಕ.

ಅಂಕಿಗಳಾಚೆ ಪತ್ರದಲ್ಲಿ ನಿಧಾನವಾಗಿ ಅನುವಾದಿಸಬೇಕಾದ ಸಾಲುಗಳು ಎರಡು. ಪ್ರೊಬೇಷನ್ ಎಂದರೆ ಪರೀಕ್ಷಾರ್ಥ ಅವಧಿ, ಸಾಮಾನ್ಯವಾಗಿ ಆರು ತಿಂಗಳು. ‘ಮುಗಿದ ಮೇಲೆ ಖಾಯಂ ಆಗುತ್ತದೆ’ ಎಂದು ಬರೆದುಬಿಡುವುದು ಸುಲಭ. ಆದರೆ ಹಲವು ಪತ್ರಗಳಲ್ಲಿ ಇರುವುದು ‘ಕಂಪನಿ ಲಿಖಿತವಾಗಿ ತಿಳಿಸುವವರೆಗೆ ಖಾಯಂ ಎಂದು ಭಾವಿಸತಕ್ಕದ್ದಲ್ಲ’ ಎಂಬ ಅರ್ಥ. ಇನ್ನೊಂದು ನೋಟಿಸ್‌ನ ಸಾಲು: ಕೆಲಸ ಬಿಡುವ ಮುನ್ನ ಒಂದು ತಿಂಗಳ ಮುಂಚೆ ತಿಳಿಸಬೇಕು, ಇಲ್ಲವೇ ಅದಕ್ಕೆ ಬದಲಾಗಿ ಒಂದು ತಿಂಗಳ ಸಂಬಳ ಕಟ್ಟಬೇಕು. ಆ ಸಂಬಳ ಮೂಲ ವೇತನವೋ ಗ್ರಾಸೋ ಎಂಬುದನ್ನು ಅವಲಂಬಿಸಿ ಈ ಹುಡುಗ ಕಟ್ಟುವುದು 15,000 ಆಗಬಹುದು, 20,559 ಆಗಬಹುದು. ಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಅನುವಾದದಲ್ಲಿ ಊಹಿಸಿ ತುಂಬಬಾರದು. ‘ಇಲ್ಲಿ ಸ್ಪಷ್ಟವಿಲ್ಲ, ಕೇಳಬೇಕು’ ಎಂದು ಅಂಚಿನಲ್ಲಿ ಬರೆಯಬೇಕು. ಸಹಿ ಬೀಳುವುದು ಇಂಗ್ಲಿಷ್ ಪ್ರತಿಗೇ ಆದ್ದರಿಂದ ಕನ್ನಡದಲ್ಲೂ ಮೂಲದ ಕಲಮುಗಳ ಸಂಖ್ಯೆಯನ್ನೇ ಉಳಿಸಿಕೊಂಡರೆ, ಎಚ್‌ಆರ್ ಎದುರು ಕುಳಿತಾಗ ಅವನು ಮೂಲಪತ್ರದ ಅದೇ ಕಲಮಿನ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳಬಲ್ಲ.