ಕಾವಲಿಗೆ ಮಸಾಲೆ ಹಚ್ಚಿದ ಬ್ರೀಫ್

ಕಂಟೆಂಟ್ ರೈಟಿಂಗ್ ಇಂಟರ್ನ್ ಆಗಿ ಸೇರಿದ ಎರಡನೇ ವಾರ ನನ್ನ ಕೈಗೊಂದು ಬ್ರೀಫ್ ಬಂತು. ಬರಹ ಹೇಗಿರಬೇಕೆಂದು ಹೇಳುವ ಒಂದು ಪುಟದ ಟಿಪ್ಪಣಿ ಅದು. ಪಾತ್ರೆ ಮಾರುವ ಆನ್‌ಲೈನ್ ಅಂಗಡಿಯ ಬ್ಲಾಗಿಗೆ 800 ಪದ ಬೇಕು, ಓದುಗರು ಹೊಸದಾಗಿ ಕಬ್ಬಿಣದ ಕಾವಲಿ ಕೊಂಡವರು. ಮುಖ್ಯ ಕೀವರ್ಡ್ ‘ಕಬ್ಬಿಣದ ತವಾಕ್ಕೆ ಮಸಾಲೆ ಹಾಕುವುದು’, ಅದು 12 ಸಲ ಬರಬೇಕು. ಇಂಗ್ಲಿಷಿನ ‘ಸೀಸನಿಂಗ್’ ಅನ್ನು ಯಾರೋ ನಿಘಂಟು ನೋಡಿ ಮಸಾಲೆ ಡಬ್ಬಿಗೆ ಇಳಿಸಿದ್ದರು!

ನಾನೂ ಕಡಿಮೆಯವನಲ್ಲ. ಪ್ರಶ್ನಿಸದೆ ಬರೆಯಲು ಕೂತೆ. ಮೊದಲ ಎರಡು ಪ್ಯಾರಾ ಅಜ್ಜಿಯ ಒಲೆ, ಕಬ್ಬಿಣದ ಹಿರಿಮೆಗೇ ಹೋಯಿತು. ನನ್ನ ಎಡಿಟರ್ ಓದಿ, “ಬರೆಯೋದು ಆಮೇಲಿರಲಿ, ಮೊದಲು ಹುಡುಕಿ ನೋಡಿ” ಅಂದರು.

ಹುಡುಕಿದೆ. ‘ಮಸಾಲೆ’ ಅಂತ ಕೊಟ್ಟರೆ ಮಸಾಲೆ ದೋಸೆಯ ರೆಸಿಪಿಗಳೇ ಬಂದವು. ‘ಕಾವಲಿ ಪಳಗಿಸುವುದು ಹೇಗೆ’ ಅಂತ ಕೊಟ್ಟಾಗ ಸರಿಯಾದ ಪುಟಗಳು ಕಂಡವು. ಬಹುತೇಕ ಎಲ್ಲವೂ ಹಂತಹಂತವಾಗಿ ಮಾಡುವ ವಿಧಾನ ಹೇಳುತ್ತಿದ್ದವು, ಚರಿತ್ರೆ ಎಲ್ಲೂ ಇರಲಿಲ್ಲ. ಹುಡುಕುವವರಿಗೆ ಬೇಕಾದದ್ದು ಏನೆಂದು ಆ ಫಲಿತಾಂಶದ ಪುಟವೇ ಹೇಳುತ್ತದೆ. ಬ್ರೀಫ್ ಬರೆದವರು ಇದನ್ನು ನೋಡಿರುತ್ತಾರೆಂಬ ಭರವಸೆ ಬೇಡ.

ಎಡಿಟರ್ ಒಪ್ಪಿಗೆ ಪಡೆದು ಕೀವರ್ಡ್ ಬದಲಿಸಿದೆ. ‘ಕಬ್ಬಿಣದ ತವಾ: ನಮ್ಮ ಪರಂಪರೆ’ ಎಂಬ ಶೀರ್ಷಿಕೆ ‘ಹೊಸ ಕಬ್ಬಿಣದ ಕಾವಲಿ ಪಳಗಿಸುವುದು ಹೇಗೆ?’ ಆಯಿತು. ಉತ್ತರವನ್ನು ಮೊದಲ ಪ್ಯಾರಾಕ್ಕೇ ತಂದೆ: ಕಾರ್ಖಾನೆಯ ಎಣ್ಣೆ ಹೋಗುವಂತೆ ತೊಳೆದು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಹೊಗೆ ಏಳುವವರೆಗೆ ಕಾಯಿಸಿ ಆರಿಸಿ, ಹೀಗೆ ಮೂರು ನಾಲ್ಕು ಸಲ. ಉಪಶೀರ್ಷಿಕೆಗಳು ಜನ ಕೇಳುವ ಪ್ರಶ್ನೆಗಳೇ ಆದವು: ‘ತುಕ್ಕು ಹಿಡಿದರೆ?’, ‘ಸೋಪು ಹಾಕಬಹುದೇ?’. ಹೆಂಚು, ತವಾ ಎಂಬ ಮಾತುಗಳೂ ಸಹಜವಾಗಿ ಬಂದವು, ಏಕೆಂದರೆ ಊರಿಗೊಂದು ಹೆಸರಿದೆ.

12 ಸಲದ ಷರತ್ತು ಮಾತ್ರ ಉಳಿಯಿತು. ಒಂದೇ ಪದವನ್ನು ತುರುಕುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಹೆಸರಿಸಿದೆ. ಇಷ್ಟೇ ಪದಗಳಿರಬೇಕೆಂಬ ಅಳತೆಯೂ ಅದಕ್ಕಿಲ್ಲ. ಜೋರಾಗಿ ಓದಿ ನೋಡಿದೆ. ಕಿವಿಗೆ ಚುಚ್ಚಿದಲ್ಲೆಲ್ಲ ತೆಗೆದೆ. ಐದು ಉಳಿದವು. 800 ಪದ 620ಕ್ಕೆ ನಿಂತಿತು. ಕಾರಣವನ್ನು ಎರಡು ಸಾಲಲ್ಲಿ ಬರೆದು ಕಳಿಸಿದ್ದಕ್ಕೆ ಗ್ರಾಹಕರು ತಕರಾರು ತೆಗೆಯಲಿಲ್ಲ. ಹುಡುಕಾಟದಲ್ಲಿ ಶೀರ್ಷಿಕೆಯ ಕೆಳಗೆ ಕಾಣಬಹುದಾದ ಮೆಟಾ ವಿವರಣೆ ರ‍್ಯಾಂಕ್ ಏರಿಸುವುದಿಲ್ಲ, ಆದರೆ ಓದುಗರು ಒತ್ತುವುದೋ ಬಿಡುವುದೋ ಎಂಬುದರಲ್ಲಿ ಅದರ ಪಾಲೂ ಇರಬಹುದು. ಅದಕ್ಕೂ ಅರ್ಧ ಗಂಟೆ ಕೊಟ್ಟೆ.

ತಿಂಗಳ ನಂತರ ಸರ್ಚ್ ಕನ್ಸೋಲ್ ತೆರೆದೆವು. ಜನ ಯಾವ ಪದ ಹಾಕಿ ನಮ್ಮ ಪುಟಕ್ಕೆ ಬಂದರೆಂದು ಅದು ತೋರಿಸುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಬ್ರೀಫಿನಲ್ಲೂ ನನ್ನ ಬರಹದಲ್ಲೂ ಇಲ್ಲದ ಸಾಲು: `dose kavalige antutte`. ಅವತ್ತೇ ‘ದೋಸೆ ಕಾವಲಿಗೆ ಅಂಟುತ್ತಾ?’ ಅಂತ ಒಂದು ಉಪಶೀರ್ಷಿಕೆ ಸೇರಿಸಿದೆ.