ಅನುದಾನದ ಪ್ರಸ್ತಾವನೆಯಲ್ಲಿ ಸಂಘಟಕರ ಪರಿಚಯ

ಅನುದಾನ ಕೋರುವ ಪ್ರಸ್ತಾವನೆಯಲ್ಲಿ ಖರ್ಚಿನ ಅಂದಾಜು, ಕಾರ್ಯಯೋಜನೆಗಳ ಜೊತೆಗೆ ಕೆಲಸ ನಡೆಸುವವರ ಕಿರು ಪರಿಚಯವೂ ಇರುತ್ತದೆ. ಸಮುದಾಯ ಸಂಘಟಕರಿಗೆ ಎಷ್ಟೋ ಸಲ ದೊಡ್ಡ ಪದವಿಯಾಗಲಿ ಹುದ್ದೆಯಾಗಲಿ ಇರುವುದಿಲ್ಲ. ಯಾವ ಊರಿನಲ್ಲಿ ಏನು ಮಾಡಿದರು, ಅದರಿಂದ ಏನಾಯಿತು ಎಂಬುದೇ ಅವರ ಅರ್ಹತೆಗೆ ಆಧಾರ.

ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಲಸ ಮಾಡುವ ಒಬ್ಬ ಕಾರ್ಯಕರ್ತೆ ಇದ್ದಾರೆಂದು ಭಾವಿಸೋಣ. ‘ಆದಿವಾಸಿಗಳ ಏಳಿಗೆಗಾಗಿ ಶ್ರಮಿಸಿದ್ದಾರೆ, ಅನೇಕ ಕುಟುಂಬಗಳಿಗೆ ಹಕ್ಕುಪತ್ರ ಕೊಡಿಸಿದ್ದಾರೆ’ ಎಂದು ಬರೆದರೆ ಮೊದಲ ಮಾತಿನಲ್ಲಿ ಪರಿಶೀಲಿಸಲು ಏನೂ ಇಲ್ಲ, ಎರಡನೆಯದು ನಿಜವೂ ಅಲ್ಲ. ಹಕ್ಕುಪತ್ರವನ್ನು ಯಾರೂ ಒಬ್ಬರೇ ಕೊಡಿಸಲಾರರು. ಗ್ರಾಮಸಭೆ ಅರ್ಜಿ ಕರೆಯುತ್ತದೆ, ಅರಣ್ಯ ಹಕ್ಕು ಸಮಿತಿ ಸ್ಥಳ ನೋಡುತ್ತದೆ, ಗ್ರಾಮಸಭೆ ಠರಾವು ಮಾಡುತ್ತದೆ. ಕಡತ ಉಪವಿಭಾಗ ಸಮಿತಿಯನ್ನು ದಾಟಿ ಹೋದ ಮೇಲೆ ಜಿಲ್ಲಾ ಸಮಿತಿ ಅಂತಿಮ ತೀರ್ಮಾನ ಕೊಡುತ್ತದೆ.

ಈ ಹಾದಿಯಲ್ಲಿ ಕಾರ್ಯಕರ್ತೆಯ ಕೈ ಎಲ್ಲಿತ್ತು ಎಂದು ಪರಿಚಯ ತೋರಿಸಬೇಕು. ಮಾದರಿಗೆ ಹೀಗೆ ಬರೆಯಬಹುದು: ‘ಮೂರು ಪೋಡುಗಳ 48 ಕುಟುಂಬಗಳಿಗೆ ಅರ್ಜಿ ತುಂಬಲು ನೆರವಾದರು. ಕಾಗದಪತ್ರ ಸಾಲದ ಕಡೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಅರ್ಜಿಗೆ ಲಗತ್ತಿಸಿದರು. 29 ಕುಟುಂಬಗಳಿಗೆ ಹಕ್ಕುಪತ್ರ ಬಂದಿದೆ, 11 ಅರ್ಜಿ ತಿರಸ್ಕೃತವಾಗಿವೆ, 8 ಬಾಕಿಯಿವೆ. ತಿರಸ್ಕೃತವಾದವುಗಳಲ್ಲಿ 7ಕ್ಕೆ ಮೇಲ್ಮನವಿ ಸಲ್ಲಿಕೆಯಾಗಿದೆ.’ ಹಿರಿಯರ ಲಿಖಿತ ಹೇಳಿಕೆಯನ್ನು ಈ ಕಾಯ್ದೆಯ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಹಾಗಾಗಿ ಆ ಒಂದು ವಾಕ್ಯವೇ ಬರೆದವರಿಗೆ ನಿಯಮ ಗೊತ್ತು, ಪೋಡಿನಲ್ಲಿ ಕೂತು ಕೆಲಸ ಮಾಡಿದ್ದಾರೆ ಎಂದು ತಿಳಿಸುತ್ತದೆ. ತಿರಸ್ಕೃತ ಅರ್ಜಿಗಳನ್ನು ಮುಚ್ಚಿಡುವುದು ದೊಡ್ಡ ತಪ್ಪು. ಎಲ್ಲ ಅರ್ಜಿಯೂ ಗೆದ್ದಿತೆಂಬ ಲೆಕ್ಕವನ್ನು ಕ್ಷೇತ್ರ ಬಲ್ಲ ಪರಿಶೀಲಕರು ನಂಬುವುದಿಲ್ಲ. ಸೋತ ಅರ್ಜಿಯನ್ನು ಬೆನ್ನುಹತ್ತಿದ ಕ್ರಮದಲ್ಲೇ ಸಂಘಟಕರ ಕಸುಬು ಕಾಣುವುದು.

ಪ್ರತಿ ಅಂಕಿಯ ಹಿಂದೆ ಒಂದು ಕಾಗದವೂ ಇರಬೇಕು: ಗ್ರಾಮಸಭೆಯ ನಡಾವಳಿ, ಅರ್ಜಿಯ ಸ್ವೀಕೃತಿ, ಸಮಿತಿಯ ಆದೇಶ. ಪ್ರಸ್ತಾವನೆಗೆ ಇವೆಲ್ಲವನ್ನೂ ಲಗತ್ತಿಸಬೇಕಾಗಿಲ್ಲ, ಕೇಳಿದಾಗ ತೆಗೆದುಕೊಡುವಂತಿದ್ದರೆ ಸಾಕು. ‘20 ತರಬೇತಿ ನಡೆಸಿದರು’ ಎಂಬುದು ಮಾಡಿದ ಕೆಲಸದ ಎಣಿಕೆ ಮಾತ್ರ. ತರಬೇತಿ ಪಡೆದವರು ತಾವೇ ಗ್ರಾಮಸಭೆಯಲ್ಲಿ ಅರ್ಜಿ ಮಂಡಿಸಿದ್ದರೆ, ಫಲವೆಂದು ಬರೆಯಬೇಕಾದದ್ದು ಅದನ್ನು.

ಸಾಮೂಹಿಕ ಗೆಲುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಪ್ರದೇಶದಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅದರ ಹಿಂದೆ ಸೋಲಿಗರ ಸಂಘಟನೆಗಳ ದೀರ್ಘ ಕೆಲಸವಿತ್ತು. ಅಂಥ ಕೆಲಸದಲ್ಲಿ ಕೈಜೋಡಿಸಿದವರು ‘ಸಂಘದ ಜೊತೆ ಎರಡು ಪೋಡುಗಳ ನಕ್ಷೆ ತಯಾರಿಸಿದರು’ ಎಂದಷ್ಟೇ ಬರೆದುಕೊಳ್ಳುವುದು ಸರಿ. ಅಷ್ಟನ್ನು ದೃಢಪಡಿಸಬಲ್ಲ ಅರಣ್ಯ ಹಕ್ಕು ಸಮಿತಿಯ ಸದಸ್ಯರೊಬ್ಬರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಪರಿಚಯದ ಕೊನೆಗೆ ಸೇರಿಸಲಾಗುತ್ತದೆ.